ಗುಡಿಯ ಪಕ್ಕದ ಮನೆ, ಗೋಡೆಯ ಮೇಲಿನ ಮಾತು

ಗೋಕರ್ಣದ ರಥಬೀದಿಯಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ಎರಡು ಬಗೆಯ ಜನ ಎದುರುಬದುರಾಗಿ ನಡೆಯುತ್ತಾರೆ. ಸಮುದ್ರಸ್ನಾನ ಮುಗಿಸಿ, ಮಡಿಯುಟ್ಟು, ಮೊದಲು ಮಹಾಗಣಪತಿಗೆ ಕೈಮುಗಿದು ಆಮೇಲೆ ಮಹಾಬಲೇಶ್ವರನ ಬಾಗಿಲಿಗೆ ಹೊರಟ ಯಾತ್ರಿಕರು ಒಂದು ಕಡೆ. ಕುಡ್ಲೆ ಅಥವಾ ಓಂ ಬೀಚಿನ ದಾರಿ ಹಿಡಿದ, ಚಡ್ಡಿ ತೊಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡ ಪ್ರವಾಸಿಗರು ಇನ್ನೊಂದು ಕಡೆ. ಇಬ್ಬರೂ ಹಿಂದಿನ ರಾತ್ರಿ ಮಲಗಿದ್ದು ಒಂದೇ ಅತಿಥಿಗೃಹದ ಅಕ್ಕಪಕ್ಕದ ಕೋಣೆಗಳಲ್ಲಿ ಆಗಿರಬಹುದು. ಆ ಮನೆಯ ಯಜಮಾನರು ಇಬ್ಬರಿಗೂ ಒಂದೇ ಗೋಡೆಯ ಮೇಲೆ, ಒಂದೇ ಫಲಕದಲ್ಲಿ, ಉಡುಪು ಹೇಗಿರಬೇಕು, ಫೋಟೋ ಎಲ್ಲಿ ತೆಗೆಯಬಾರದು ಎಂದು ಹೇಳಬೇಕು. ಕನ್ನಡದಲ್ಲೂ ಹೇಳಬೇಕು, ಇಂಗ್ಲಿಷಿನಲ್ಲೂ ಹೇಳಬೇಕು. ಯಾರ ಮನಸ್ಸೂ ನೋಯಬಾರದು, ಹೇಳಿದ್ದು ಯಾರಿಗೂ ಅರ್ಥವಾಗದೆ ಉಳಿಯಲೂಬಾರದು.

ಇಂಥ ಫಲಕಗಳನ್ನು ನಾವೆಲ್ಲ ನೋಡಿದ್ದೇವೆ. ಮೇಲೆ ಕನ್ನಡದಲ್ಲಿ 'ಸಭ್ಯ ಉಡುಪು ಕಡ್ಡಾಯ' ಎಂದಿರುತ್ತದೆ. ಕೆಳಗೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟ್ರಿಕ್ಟ್ಲಿ ಪ್ರೊಹಿಬಿಟೆಡ್' ಎಂಬ ಪದ ಮೂರು ಸಲ ಬಂದಿರುತ್ತದೆ. ಪಕ್ಕದಲ್ಲಿ ಒಬ್ಬ ಹೆಂಗಸಿನ ಚಿತ್ರ, ಅವಳ ಮೇಲೆ ಕೆಂಪು ಗೀಟು. ಓದಿದ ಅತಿಥಿಗೆ ತಾನು ಏನೋ ತಪ್ಪು ಮಾಡಲೆಂದೇ ಬಂದವನು ಎಂಬ ಭಾವನೆ ಬರುತ್ತದೆ. ಹಾಗಿದ್ದರೂ ಏನು ಉಡಬೇಕು ಎಂಬುದು ಅವನಿಗೆ ಗೊತ್ತಾಗಿರುವುದಿಲ್ಲ. ಮಾತು ಒರಟಾಯಿತು ಅನ್ನುವುದಕ್ಕಿಂತ ಹೆಚ್ಚಿನ ದೋಷ ಇಲ್ಲಿದೆ. ಯಾರ ನಿಯಮವನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನೇ ಆ ಫಲಕ ವಿಂಗಡಿಸಿಕೊಂಡಿಲ್ಲ.

ದೇವಸ್ಥಾನದ ಪಕ್ಕದ ಅತಿಥಿಗೃಹದಲ್ಲಿ ಮೂರು ಬೇರೆ ಬೇರೆ ಜಾಗಗಳ ನಿಯಮಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ದೇವಸ್ಥಾನದ ಹೊಸ್ತಿಲಿನ ಒಳಗಿನದು ದೇವಸ್ಥಾನದ ನಿಯಮ. ಅದನ್ನು ಮಾಡುವ ಅಧಿಕಾರವಾಗಲಿ ಸಡಿಲಿಸುವ ಅಧಿಕಾರವಾಗಲಿ ಅತಿಥಿಗೃಹದವರಿಗೆ ಇಲ್ಲ, ಅವರು ತಿಳಿಸಬಹುದು ಅಷ್ಟೆ. ಅತಿಥಿಗೃಹದ ಜಗಲಿ, ಅಂಗಳ, ತಾರಸಿ ಅವರದೇ. ಅಲ್ಲಿ ಅವರು 'ಇದು ನಮ್ಮ ಮನೆಯ ನಿಯಮ' ಎಂದು ನೇರವಾಗಿ ಹೇಳಬಹುದು. ಮೂರನೆಯದು ಬೀದಿ, ಕೋಟಿತೀರ್ಥದ ಮೆಟ್ಟಿಲು, ಸಮುದ್ರದಂಡೆ. ಅದು ಎಲ್ಲರ ಜಾಗ. ಅಲ್ಲಿ ಅತಿಥಿ ಹೇಗೆ ನಡೆದುಕೊಳ್ಳಬೇಕೆಂದು ಮನೆಯವರು ಆಜ್ಞೆ ಮಾಡಲಾರರು, ಕಾರಣ ಹೇಳಿ ಕೇಳಿಕೊಳ್ಳಬಹುದು. ಹೀಗೆ ಒಂದು ಕಡೆ ಮಾಹಿತಿ, ಒಂದು ಕಡೆ ನಿಯಮ, ಒಂದು ಕಡೆ ಕೋರಿಕೆ. ಈ ಮೂರನ್ನೂ ಒಂದೇ ದನಿಯಲ್ಲಿ 'ನಿಷೇಧಿಸಲಾಗಿದೆ' ಎಂದು ಬರೆದಾಗ ಕೋರಿಕೆ ಬೆದರಿಕೆಯಾಗುತ್ತದೆ. ಮೂರನ್ನೂ 'ದಯವಿಟ್ಟು ವಿನಂತಿ' ಎಂದು ಬರೆದರೆ ನಿಜವಾಗಿ ಮೀರಬಾರದ ನಿಯಮವೂ ಸಡಿಲವಾಗಿ ಕಾಣುತ್ತದೆ. ಗೌರವದ ಮಾತು ಅಂದರೆ ಬರೀ ಮೃದುವಾದ ಮಾತಲ್ಲ ಎಂದು ನಾನು ನಂಬಿದ್ದೇನೆ. ಯಾವುದು ಬದಲಾಗದು, ಯಾವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು ಎಂಬುದನ್ನು ಓದುವವರಿಗೆ ಸ್ಪಷ್ಟವಾಗಿ ತಿಳಿಸುವುದೂ ಗೌರವವೇ.

ಗೋಕರ್ಣದಲ್ಲಿ ಈ ವಿಂಗಡಣೆಗೆ ಇನ್ನೊಂದು ಕಾರಣವೂ ಇದೆ. ಮಹಾಬಲೇಶ್ವರ ದೇವಸ್ಥಾನದ ಆಡಳಿತವನ್ನು ರಾಜ್ಯ ಸರ್ಕಾರ 2008ರಲ್ಲಿ ರಾಮಚಂದ್ರಾಪುರ ಮಠಕ್ಕೆ ವಹಿಸಿತ್ತು. ಆ ಕುರಿತ ವ್ಯಾಜ್ಯ ನಡೆದಿರುವಾಗ 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಗೆ ಮೇಲುಸ್ತುವಾರಿಯನ್ನು ಒಪ್ಪಿಸಿತು. ಆಡಳಿತ ಬದಲಾದರೆ ಸಮಯ, ಸಾಲು, ಒಳಗೆ ಎಲ್ಲಿಯವರೆಗೆ ಹೋಗಬಹುದು ಎಂಬ ಏರ್ಪಾಡುಗಳೂ ಬದಲಾಗಬಹುದು. ಆದ್ದರಿಂದ ದೇವಸ್ಥಾನದ ನಿಯಮಗಳನ್ನೆಲ್ಲ ಅತಿಥಿಗೃಹ ತನ್ನ ಗೋಡೆಯ ಮೇಲೆ ಶಾಶ್ವತವಾಗಿ ಕೆತ್ತಿಸಿಡುವುದು ಜಾಣತನವಲ್ಲ. ಉಡುಪಿನಂಥ, ಸುಲಭಕ್ಕೆ ಬದಲಾಗದ ಒಂದೆರಡು ಮಾತನ್ನು ಬರೆದು, 'ಉಳಿದದ್ದನ್ನು ದೇವಸ್ಥಾನದ ಕೌಂಟರಿನಲ್ಲಿ ಕೇಳಿ ತಿಳಿಯಿರಿ' ಎಂದರೆ ಸಾಕು. ಒಳಗೆ ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂಬ ಪ್ರಶ್ನೆಗಂತೂ ಅತಿಥಿಗೃಹ ಉತ್ತರ ಕೊಡಲೇಬಾರದು. ಇಲ್ಲಿ ಕೊಟ್ಟ ಭರವಸೆ ಅಲ್ಲಿ ಬಾಗಿಲಲ್ಲಿ ಸುಳ್ಳಾದರೆ ಅವಮಾನ ಅನುಭವಿಸುವುದು ಅತಿಥಿ.

ಉಡುಪಿನ ಮಾತಿಗೆ ಬರೋಣ. ಕರಾವಳಿಯ ಹಲವು ದೇವಸ್ಥಾನಗಳಂತೆ ಇಲ್ಲಿಯೂ ಗಂಡಸರು ಅಂಗಿ, ಬನಿಯನ್ ತೆಗೆದು, ಪಂಚೆ ಉಟ್ಟು ದೇವರ ಬಳಿ ಹೋಗುವುದು ರೂಢಿ. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ್. ಜೀನ್ಸ್, ಬರ್ಮುಡಾ ನಡೆಯುವುದಿಲ್ಲ. ಗಮನಿಸಿ ನೋಡಿದರೆ ಇಲ್ಲಿ ಹೆಚ್ಚು ಬದಲಾವಣೆ ಮಾಡಿಕೊಳ್ಳಬೇಕಾದವರು ಗಂಡಸರೇ. ಪೇಟೆಯಿಂದ ಬಂದ ಹುಡುಗನ ಹತ್ತಿರ ಪಂಚೆ ಇರುವುದಿಲ್ಲ, ಇದ್ದರೂ ಉಡಲು ಬರುವುದಿಲ್ಲ, ನೂರಾರು ಜನರ ನಡುವೆ ಬರಿಮೈಯಲ್ಲಿ ನಿಂತು ಅಭ್ಯಾಸವಿರುವುದಿಲ್ಲ. ಆದರೆ ಫಲಕಗಳು ಹೆಂಗಸರನ್ನೇ ಉದ್ದೇಶಿಸಿ ಮಾತಾಡುತ್ತವೆ. ಗೀಟು ಎಳೆದ ಚಿತ್ರದಲ್ಲಿರುವುದೂ ಅವರೇ. ಇದನ್ನು ಮೊದಲು ಸರಿಪಡಿಸಬೇಕು. ಫಲಕದಲ್ಲಿ ಗಂಡಸರ ಸಾಲು ಮೊದಲು ಬರಲಿ, ಹೆಂಗಸರ ಸಾಲು ಅದೇ ಅಳತೆಯಲ್ಲಿ ಅದರ ಕೆಳಗೆ ಬರಲಿ. ಚಿತ್ರ ಹಾಕುವುದಾದರೆ ಪಂಚೆ ಉಟ್ಟ ಗಂಡಸು, ಸೀರೆ ಉಟ್ಟ ಹೆಂಗಸು, ಚೂಡಿದಾರ್ ತೊಟ್ಟ ಹೆಂಗಸು, ಹೀಗೆ ಉಡಬೇಕಾದ್ದನ್ನೇ ತೋರಿಸಲಿ. ಉಡಬಾರದ್ದರ ಮೇಲೆ ಗೀಟೆಳೆಯುವ ಅಗತ್ಯವೇ ಬೀಳುವುದಿಲ್ಲ.

'ಸಭ್ಯ ಉಡುಪು' ಎಂಬ ಮಾತನ್ನು ನಾನಾದರೆ ಪೂರ್ತಿ ಬಿಟ್ಟುಬಿಡುತ್ತೇನೆ. ಒಗೆದು ಇಸ್ತ್ರಿ ಮಾಡಿದ ಜೀನ್ಸ್ ಪ್ಯಾಂಟು ಬೆಂಗಳೂರಿನಿಂದ ಬಂದವರ ಕಣ್ಣಿಗೆ ಸಭ್ಯವೇ. ಮೊಣಕಾಲಿನ ತನಕ ಬರುವ ಚಡ್ಡಿ ಯುರೋಪಿನವರ ಕಣ್ಣಿಗೆ ಸಭ್ಯವೇ. ಆ ಪದ ಯಾವ ಮಾಹಿತಿಯನ್ನೂ ಕೊಡದೆ, ನೀವು ತೊಟ್ಟಿರುವುದು ಅಸಭ್ಯ ಎಂಬ ಆರೋಪವನ್ನು ಮಾತ್ರ ಉಳಿಸುತ್ತದೆ. ಬಟ್ಟೆಯ ಹೆಸರು ಹೇಳಿದರೆ ಆರೋಪವೂ ಇಲ್ಲ, ಗೊಂದಲವೂ ಇಲ್ಲ: ಪಂಚೆ, ಸೀರೆ, ಚೂಡಿದಾರ್. ಹೆಸರು ಹೇಳಲಾಗದ ಕಡೆ ಮೈಯ ಅಳತೆ ಹೇಳಬಹುದು: ಭುಜ ಮುಚ್ಚುವಂಥದ್ದು, ಮೊಣಕಾಲಿನ ಕೆಳಗೆ ಬರುವಂಥದ್ದು.

ಇನ್ನು ದೇವಸ್ಥಾನಕ್ಕೆ ಹೋಗದ ಅತಿಥಿಯ ವಿಷಯ. ಬೀಚಿಗೆಂದು ಬಂದವರು ಗುಡಿಯ ಒಳಗೆ ಕಾಲಿಡದೆ ಇರಬಹುದು. ಆದರೆ ಮನೆಗೆ ಮರಳುವ ದಾರಿ ರಥಬೀದಿಯೇ. ಈಜುಡುಗೆಯಲ್ಲಿ, ನೀರು ತೊಟ್ಟಿಕ್ಕುತ್ತಾ, ಕೊರಳಿಗೊಂದು ಟವೆಲ್ ಸುತ್ತಿಕೊಂಡು ಗಂಡಸರಾಗಲಿ ಹೆಂಗಸರಾಗಲಿ ದೇವಸ್ಥಾನದ ಮುಂದೆ ಹಾದುಹೋದಾಗ ಊರಿನವರಿಗೆ ಕಸಿವಿಸಿಯಾಗುತ್ತದೆ. ಯಾರೂ ಎದುರಿಗೆ ಹೇಳದೆ ಇರಬಹುದು, ಆಮೇಲೆ ಅದರ ಮಾತು ಕೇಳುವವರು ಅತಿಥಿಗೃಹದವರು. ಅತಿಥಿಗೃಹಕ್ಕೆ ಸಂಬಂಧಿಸಿದ ಉಡುಪಿನ ನಿಜವಾದ ಪ್ರಶ್ನೆ ಇದು, ಹೆಚ್ಚಿನ ಫಲಕಗಳಲ್ಲಿ ಇಲ್ಲದೆ ಇರುವುದೂ ಇದೇ. ಬೀಚಿನಲ್ಲಿ ಏನು ತೊಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು, ಬೀದಿ ಸೇರುವ ಮೊದಲು ಮೇಲೊಂದು ಬಟ್ಟೆ ಹಾಕಿಕೊಳ್ಳಿ ಎಂದು ಕೇಳಿಕೊಂಡರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಬಾಗಿಲ ಬಳಿ ನಾಲ್ಕೈದು ತೆಳು ಲುಂಗಿಗಳನ್ನು ಮೊಳೆಗೆ ತೂಗುಹಾಕಿ 'ಬೀಚಿಗೆ ಹೋಗುವವರು ತೆಗೆದುಕೊಂಡು ಹೋಗಬಹುದು' ಎಂದು ಬರೆದಿಟ್ಟರೆ ಕೋರಿಕೆಯೊಂದಿಗೆ ಉಪಾಯವೂ ಸಿಕ್ಕಂತಾಯಿತು.

ಹಾಗೆಯೇ ದೇವಸ್ಥಾನಕ್ಕೆ ಹೋಗುವ ಗಂಡಸರಿಗೆ ಪಂಚೆ. ಎಂಟು ಮೊಳದ ಪಂಚೆ ಹೊಸಬರ ಕೈಗೆ ಬಗ್ಗುವುದಿಲ್ಲ. ನಾಲ್ಕು ಮೊಳದ ಒಂಟಿ ಪಂಚೆ ಸೊಂಟಕ್ಕೆ ಸುತ್ತಿ ಅಂಚನ್ನು ಒಳಗೆ ಸಿಕ್ಕಿಸಿದರೆ ನಿಲ್ಲುತ್ತದೆ. ಅದೂ ಜಾರೀತೆಂಬ ಭಯವಿದ್ದವರಿಗೆ ಮೇಲೊಂದು ಬೆಲ್ಟ್. ಆರು ಕೋಣೆಗಳ ಮನೆಗೆ ಇಂಥ ಎಂಟು ಹತ್ತು ಪಂಚೆ ಇದ್ದರೆ, ಒಬ್ಬರು ಬಳಸಿದ್ದನ್ನು ಒಗೆಯದೆ ಇನ್ನೊಬ್ಬರಿಗೆ ಕೊಡುವ ಪ್ರಸಂಗ ಬರುವುದಿಲ್ಲ. ಒಗೆದದ್ದು ಎಂದು ಹೇಳಿಯೇ ಕೊಡಬೇಕು, ಇನ್ನೊಬ್ಬರು ಉಟ್ಟದ್ದನ್ನು ದೇವರ ಮುಂದೆ ಉಡಲು ಯಾತ್ರಿಕರಿಗೂ ಮನಸ್ಸು ಬರುವುದಿಲ್ಲ.

ಫೋಟೋ ವಿಷಯದಲ್ಲಿ ನಮ್ಮ ಗಮನವೆಲ್ಲ ಗರ್ಭಗುಡಿಯ ಮೇಲೆಯೇ ಇರುತ್ತದೆ. ಅದರ ಕಾಳಜಿಯನ್ನು ದೇವಸ್ಥಾನವೇ ಮಾಡಿಕೊಳ್ಳುತ್ತದೆ. ಮುಜರಾಯಿ ಇಲಾಖೆಯೂ ತನ್ನ ಅಧೀನದ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆಯನ್ನು 2023ರ ಜುಲೈಯಲ್ಲಿ ನಿಷೇಧಿಸಿತು. ಗುಡಿಯ ಒಳಗೆ ಫೋಟೋ ತೆಗೆಯಬಾರದು ಎಂಬುದು ಇವತ್ತು ಬಹುತೇಕ ಯಾತ್ರಿಕರಿಗೆ ಗೊತ್ತು. ಗೋಕರ್ಣದ ಅತಿಥಿಗೃಹ ನಿಜವಾಗಿ ಹೇಳಬೇಕಾದ್ದು ಗುಡಿಯ ಹೊರಗಿನ ಮಾತನ್ನು.

ಗೋಕರ್ಣ ಬರಿಯ ದರ್ಶನದ ಊರಲ್ಲ. ಸತ್ತವರ ಅಸ್ಥಿ ಬಿಡಲು, ಶ್ರಾದ್ಧ ಮಾಡಲು, ಪಿಂಡ ಇಡಲು ದೂರದೂರದ ಊರುಗಳಿಂದ ಜನ ಇಲ್ಲಿಗೆ ಬರುತ್ತಾರೆ. ಸಮುದ್ರದಂಡೆಯಲ್ಲಿ, ಕೋಟಿತೀರ್ಥದ ಸುತ್ತ ಬೆಳಗಿನ ಹೊತ್ತು ಈ ಕಾರ್ಯಗಳು ನಡೆಯುತ್ತಿರುತ್ತವೆ. ತಲೆ ಬೋಳಿಸಿಕೊಂಡ ಮಗ, ಎದುರಿಗೆ ದರ್ಭೆ, ಎಳ್ಳು, ಅನ್ನದ ಉಂಡೆ, ಪಕ್ಕದಲ್ಲಿ ಮಂತ್ರ ಹೇಳಿಸುವ ಭಟ್ಟರು, ಹಿಂದೆ ಕಣ್ಣೊರೆಸಿಕೊಳ್ಳುತ್ತಾ ನಿಂತ ಮನೆಯವರು. ದೂರದಿಂದ ನೋಡುವ ಪ್ರವಾಸಿಗನಿಗೆ ಇದೊಂದು ಚೆಂದದ ದೃಶ್ಯ: ನೀರು, ಎಳೆಬಿಸಿಲು, ಬಿಳಿ ಪಂಚೆ, ಹೊಗೆ. ಅದು ಸಾವಿನ ಕಾರ್ಯ ಎಂಬುದು ಅವನಿಗೆ ಗೊತ್ತಿರುವುದೇ ಇಲ್ಲ. ಅವನು ಕ್ಯಾಮೆರಾ ಎತ್ತುತ್ತಾನೆ. ಕುಳಿತವರಿಗೆ ಆ ಹೊತ್ತಿನಲ್ಲಿ ಎದ್ದು ಬೇಡ ಎನ್ನುವ ತ್ರಾಣವಿರುವುದಿಲ್ಲ. ಕೆಲವು ತಿಂಗಳ ಮೇಲೆ ಆ ಚಿತ್ರ 'ಭಾರತದ ಮುಂಜಾವು' ಎಂಬ ಹೆಸರಿನಲ್ಲಿ ಯಾವುದೋ ಊರಿನ ಯಾರದೋ ಫೋನಿನಲ್ಲಿ ತಿರುಗುತ್ತಿರುತ್ತದೆ. ಗರ್ಭಗುಡಿಯ ಮುಂದೆ ತೆಗೆದ ಒಂದು ಸೆಲ್ಫಿಗಿಂತ ಇದು ದೊಡ್ಡ ನೋವು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ನೋಯುವವರು ಎದುರಿಗೆ ಕುಳಿತ ಮನುಷ್ಯರು.

'ಫೋಟೋ ನಿಷೇಧ' ಎಂಬ ಎರಡು ಪದಗಳು ಇದನ್ನು ತಡೆಯಲಾರವು. ಬೀದಿಯಲ್ಲಿ, ದಂಡೆಯಲ್ಲಿ ಹಾಗೆ ನಿಷೇಧಿಸುವ ಅಧಿಕಾರವೂ ಅತಿಥಿಗೃಹಕ್ಕಿಲ್ಲ. ಆದರೆ ಕಾರಣ ತಿಳಿದರೆ ಕ್ಯಾಮೆರಾ ತಾನಾಗಿಯೇ ಕೆಳಗಿಳಿಯುತ್ತದೆ. 'ಅಲ್ಲಿ ಕುಳಿತವರು ತಮ್ಮ ತಂದೆಗೋ ತಾಯಿಗೋ ಪಿಂಡ ಇಡುತ್ತಿದ್ದಾರೆ' ಎಂಬ ಒಂದು ವಾಕ್ಯ ಫಲಕದಲ್ಲಿ ಇರಲಿ. ಯಾವ ದೇಶದವರೇ ಆಗಲಿ, ಸಾವಿನ ಮನೆಯಲ್ಲಿ ಫೋಟೋ ತೆಗೆಯಬಾರದೆಂದು ಹೇಳಿಸಿಕೊಳ್ಳಬೇಕಾಗಿಲ್ಲ.

ಸ್ನಾನದ ಘಟ್ಟದ ವಿಷಯ ಬೇರೆ. ಒದ್ದೆ ಬಟ್ಟೆಯಲ್ಲಿರುವವರ, ಬಟ್ಟೆ ಬದಲಿಸುವವರ ಚಿತ್ರ ತೆಗೆಯುವುದು ಬರೀ ಅವಿವೇಕವಾಗಿ ಉಳಿಯದೆ ಅಪರಾಧವೂ ಆಗಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ವಿಧಿಯ ಪ್ರಕಾರ ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದರೆ ಮೂರು ವರ್ಷದವರೆಗೆ ಸೆರೆಮನೆಯಾಗಬಹುದು. ಸಾರ್ವಜನಿಕ ಜಾಗವಾದರೂ ಆ ರಕ್ಷಣೆ ಹೋಗುವುದಿಲ್ಲ. ಹಾಗೆಂದು ಈ ವಿಧಿಯ ಸಂಖ್ಯೆಯನ್ನು ಸ್ವಾಗತದ ಫಲಕದಲ್ಲಿ ಬರೆಯಬಾರದು. ನೂರರಲ್ಲಿ ಒಬ್ಬನನ್ನು ಹೆದರಿಸಲು ಉಳಿದವರೆಲ್ಲರನ್ನೂ ಅನುಮಾನಿಸಿದಂತಾಗುತ್ತದೆ. ಅದು ಮೇಜಿನ ಖಾನೆಯಲ್ಲಿರಲಿ, ಆ ಒಬ್ಬ ಸಿಕ್ಕಾಗ ಹೇಳಲಿಕ್ಕೆ.

ಉಳಿದದ್ದು ತಾರಸಿ. ದೇವಸ್ಥಾನದ ಪಕ್ಕದ ಮನೆಯ ತಾರಸಿಯಿಂದ ಗುಡಿಯ ಪ್ರಾಕಾರವೋ ಕೆರೆಯ ಮೆಟ್ಟಿಲೋ ನೆರೆಮನೆಯ ಹಿತ್ತಿಲೋ ಕಾಣುತ್ತದೆ. ಒಳ್ಳೆಯ ನೋಟ ಇದೆಯೆಂದೇ ಅತಿಥಿಗಳು ಆ ಮನೆಗೆ ಬರುತ್ತಾರೆ. ನೋಡುವುದು ಬೇಡವೆನ್ನಲಾಗದು, ಎನ್ನಲೂಬಾರದು. ಇಲ್ಲಿ ನಿಯಮ ನಿಖರವಾಗಿರಬೇಕು: ಸಮುದ್ರದ ಕಡೆಗೆ, ಆಕಾಶದ ಕಡೆಗೆ, ಊರಿನ ಹೆಂಚುಗಳ ಕಡೆಗೆ ಎಷ್ಟು ಬೇಕಾದರೂ ಫೋಟೋ ತೆಗೆಯಬಹುದು, ಕೆರೆಯ ಕಡೆಗೆ, ದೇವಸ್ಥಾನದ ಅಂಗಳದ ಕಡೆಗೆ ಬೇಡ, ಡ್ರೋನ್ ಹಾರಿಸುವಂತಿಲ್ಲ. ಇದು ಮನೆಯವರದೇ ಜಾಗವಾದ್ದರಿಂದ ಇಲ್ಲಿ 'ಬೇಡ' ಎಂದು ನೇರವಾಗಿ ಹೇಳಬಹುದು. ತೆಗೆಯಬಹುದಾದ ದಿಕ್ಕನ್ನು ಮೊದಲು ಹೇಳುವುದು ಮುಖ್ಯ. ಅದು ಗೊತ್ತಾದರೆ ಇನ್ನೊಂದು ದಿಕ್ಕನ್ನು ಬಿಡುವುದು ಅತಿಥಿಗೆ ಕಷ್ಟವಾಗುವುದಿಲ್ಲ.

ಈಗ ಇದನ್ನೆಲ್ಲ ಒಂದು ಫಲಕದಲ್ಲಿ ಇಳಿಸಿ ನೋಡೋಣ. ರಥಬೀದಿಗೂ ಕೋಟಿತೀರ್ಥಕ್ಕೂ ನಡುವಿನ ಒಂದು ಓಣಿಯಲ್ಲಿ ಆರು ಕೋಣೆಗಳ, ತಾರಸಿಯಿಂದ ಕೆರೆ ಕಾಣುವ ಮನೆಯೊಂದು ಇದೆ ಎಂದುಕೊಳ್ಳಿ. ಕನ್ನಡದ ಭಾಗ ಹೀಗಿರಬಹುದು:

'ನಮಸ್ಕಾರ. ನಮ್ಮ ಮನೆಗೆ ಸ್ವಾಗತ.

ದೇವಸ್ಥಾನಕ್ಕೆ ಹೋಗುವವರಿಗೆ: ಗಂಡಸರು ಪಂಚೆ ಉಟ್ಟು, ಅಂಗಿ ಮತ್ತು ಬನಿಯನ್ ತೆಗೆದು ಒಳಗೆ ಹೋಗಬೇಕು. ಹೆಂಗಸರು ಸೀರೆ ಅಥವಾ ಚೂಡಿದಾರ್ ತೊಟ್ಟಿರಬೇಕು. ಇದು ದೇವಸ್ಥಾನದ ನಿಯಮ. ಒಗೆದ ಪಂಚೆ ನಮ್ಮಲ್ಲಿ ಸಿಗುತ್ತದೆ, ಉಡಲು ಸಹಾಯ ಮಾಡುತ್ತೇವೆ. ಒಳಗೆ ಫೋನ್ ಬಳಸುವಂತಿಲ್ಲ, ಬೇಕಿದ್ದರೆ ನಮ್ಮಲ್ಲಿ ಬಿಟ್ಟುಹೋಗಬಹುದು. ಉಳಿದ ವಿವರವನ್ನು ದೇವಸ್ಥಾನದ ಕೌಂಟರಿನಲ್ಲಿ ಕೇಳಿ.

ನಮ್ಮ ತಾರಸಿಯಲ್ಲಿ: ಸಮುದ್ರದ ಕಡೆಗೆ ಫೋಟೋ ತೆಗೆಯಬಹುದು. ಕೆರೆಯ ಕಡೆಗೆ, ದೇವಸ್ಥಾನದ ಕಡೆಗೆ ಬೇಡ. ಡ್ರೋನ್ ಹಾರಿಸುವಂತಿಲ್ಲ. ಇದು ನಮ್ಮ ಮನೆಯ ನಿಯಮ.

ಬೀದಿಯಲ್ಲಿ, ದಂಡೆಯಲ್ಲಿ: ಬೀಚಿನಿಂದ ಬರುವಾಗ ರಥಬೀದಿ ಸೇರುವ ಮೊದಲು ಭುಜ ಮತ್ತು ಮೊಣಕಾಲು ಮುಚ್ಚುವಂತೆ ಏನಾದರೂ ಹಾಕಿಕೊಳ್ಳಿ. ನೀರಿನ ದಡದಲ್ಲಿ ಕುಳಿತು ಪೂಜೆ ಮಾಡುತ್ತಿರುವವರು ಬಹಳ ಸಲ ತಮ್ಮ ತಂದೆತಾಯಿಗಳಿಗೆ ಪಿಂಡ ಇಡುತ್ತಿರುತ್ತಾರೆ. ಅವರ ಫೋಟೋ ತೆಗೆಯದಿರಿ. ಬೇರೆ ಯಾರ ಫೋಟೋ ತೆಗೆಯುವ ಮೊದಲೂ ಒಂದು ಮಾತು ಕೇಳಿ. ಇದು ನಮ್ಮ ಕೋರಿಕೆ.'

'ದಯವಿಟ್ಟು' ಎಂಬ ಪದ ಇಲ್ಲಿ ಎಲ್ಲೂ ಬಂದಿಲ್ಲ, ಗೌರವ ಕಡಿಮೆಯಾಗಿಯೂ ಇಲ್ಲ. 'ಕೇಳಿ', 'ಹಾಕಿಕೊಳ್ಳಿ', 'ತೆಗೆಯದಿರಿ' ಎಂಬ ರೂಪಗಳಲ್ಲಿಯೇ ಕನ್ನಡದ ಮರ್ಯಾದೆ ಇದೆ. ಮನೆಗೆ ಬಂದ ನೆಂಟರಿಗೆ ನಾವು 'ಕೈಕಾಲು ತೊಳೆದುಕೊಳ್ಳಿ' ಎನ್ನುವಾಗ ದಯವಿಟ್ಟು ಸೇರಿಸುವುದಿಲ್ಲ. ಫಲಕದ ಕನ್ನಡ ಕಚೇರಿಯ ಸುತ್ತೋಲೆಯಂತಾಗದೆ ಈ ಮನೆಮಾತಿನ ಹತ್ತಿರ ಇದ್ದಷ್ಟೂ ಒಳ್ಳೆಯದು.

ಇಂಗ್ಲಿಷ್ ಭಾಗವನ್ನು ಬರೆಯುವಾಗ ಎರಡು ಕಡೆ ಎಡವುತ್ತೇವೆ. ಮೊದಲನೆಯದು ದನಿ. ಕನ್ನಡದಲ್ಲಿ ಕ್ರಿಯಾಪದವೇ ಮಾಡಿಕೊಡುವ ಮರ್ಯಾದೆಯ ಕೆಲಸ ಇಂಗ್ಲಿಷಿನಲ್ಲಿ ಆಗುವುದಿಲ್ಲ. ಅಲ್ಲಿ 'ಪ್ಲೀಸ್' ಬೇಕು, ಕೋರಿಕೆ ಇರುವ ಕಡೆ ಮಾತ್ರ. ಹಾಗಾಗಿ ಮೂರನೆಯ ಭಾಗ 'ಪ್ಲೀಸ್ ಡು ನಾಟ್ ಫೋಟೋಗ್ರಾಫ್ ದೆಮ್' ಎಂದಾಗುತ್ತದೆ. ತಾರಸಿಯ ನಿಯಮ 'ನೋ ಫೋಟೋಸ್ ಟುವರ್ಡ್ಸ್ ದಿ ಟ್ಯಾಂಕ್ ಆರ್ ದಿ ಟೆಂಪಲ್' ಎಂದು ಸರಳವಾಗಿ ನಿಲ್ಲುತ್ತದೆ. ದೇವಸ್ಥಾನದ ಸಾಲು ಮಾಹಿತಿಯಾದ್ದರಿಂದ 'ಮೆನ್ ವೇರ್ ಎ ಧೋತಿ ಅಂಡ್ ಎಂಟರ್ ವಿತೌಟ್ ಎ ಶರ್ಟ್ ಆರ್ ವೆಸ್ಟ್' ಎಂದರೆ ಸಾಕು. ಒಂದೇ ವಾಕ್ಯದಲ್ಲಿ 'ಕೈಂಡ್ಲಿ'ಯನ್ನೂ 'ಸ್ಟ್ರಿಕ್ಟ್ಲಿ'ಯನ್ನೂ ಕೂಡಿಸುವ ನಮ್ಮ ಕಚೇರಿಯ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಎರಡನೆಯದು ಹೆಚ್ಚು ಸೂಕ್ಷ್ಮ. ಒಂದು ಭಾಷೆಯಲ್ಲಿರುವ ನಿಯಮ ಇನ್ನೊಂದರಲ್ಲಿ ಇರುವುದಿಲ್ಲ. ಕನ್ನಡದಲ್ಲಿ ಉಡುಪಿನ ಮಾತಷ್ಟೇ ಇದ್ದು ಇಂಗ್ಲಿಷಿನಲ್ಲಿ ಮಾತ್ರ 'ಈಜುಡುಗೆಯಲ್ಲಿ ಬೀದಿಗೆ ಬರಬೇಡಿ' ಎಂದಿದ್ದರೆ, ಎರಡೂ ಭಾಷೆ ಓದಬಲ್ಲ ಅತಿಥಿ ಏನು ತಿಳಿಯಬೇಕು? ವಿದೇಶಿಯರು ಮಾತ್ರ ಹಾಗೆ ಮಾಡುತ್ತಾರೆ ಎಂದೇ? ಹುಬ್ಬಳ್ಳಿಯಿಂದ ಬಂದ ಹುಡುಗರೂ ಬರ್ಮುಡಾದಲ್ಲೇ ಬೀದಿ ಸುತ್ತುತ್ತಾರೆ. ಪಿಂಡದ ವಾಕ್ಯವೂ ಹೀಗೆಯೇ. ಕನ್ನಡಿಗರಿಗೆ ಅದು ಗೊತ್ತೇ ಇದೆ ಎಂದು ಬಿಡಬಾರದು, ಇಂದಿನ ಎಳೆಯರಲ್ಲಿ ಎಷ್ಟೋ ಮಂದಿ ಪಿಂಡಪ್ರದಾನವನ್ನು ನೋಡಿಯೇ ಇರುವುದಿಲ್ಲ. ಆದ್ದರಿಂದ ಸಾಲಿಗೆ ಸಾಲು ಎರಡರಲ್ಲೂ ಒಂದೇ ಇರಬೇಕು. 'ವಿದೇಶಿಯರಿಗೆ ಸೂಚನೆ' ಎಂಬ ತಲೆಬರಹ ಎಲ್ಲೂ ಬೇಡ. ಪಿಂಡ ಎಂಬ ಪದ ಇಂಗ್ಲಿಷಿನ ಓದುಗನಿಗೆ ತಿಳಿಯದು ಎಂದು ಬಿಟ್ಟುಬಿಡಬಾರದು, ಸತ್ತ ತಂದೆತಾಯಿಗೆ ಅನ್ನ ಅರ್ಪಿಸುತ್ತಿದ್ದಾರೆ ಎಂದು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯುವ ದಾರಿ ಸುಲಭ. ಕನ್ನಡ ಬಾರದ ಒಬ್ಬ ಅತಿಥಿಗೆ ಇಂಗ್ಲಿಷ್ ಭಾಗವನ್ನು ಓದಲು ಕೊಟ್ಟು, ಆಮೇಲೆ ಫಲಕ ಮುಚ್ಚಿ, 'ನಾಳೆ ಬೆಳಗ್ಗೆ ದೇವಸ್ಥಾನಕ್ಕೆ ಹೇಗೆ ಹೋಗುತ್ತೀರಿ, ಎಲ್ಲಿ ಫೋಟೋ ತೆಗೆಯುತ್ತೀರಿ?' ಎಂದು ಕೇಳಬೇಕು. ಇಂಗ್ಲಿಷ್ ಬಾರದ ಒಬ್ಬ ಯಾತ್ರಿಕರಿಗೆ ಕನ್ನಡ ಭಾಗವನ್ನು ಓದಿಸಿ ಅದನ್ನೇ ಕೇಳಬೇಕು. ಇಬ್ಬರ ಉತ್ತರವೂ ಒಂದೇ ಬಂದರೆ ಫಲಕ ಸಿದ್ಧವಾಯಿತು. ಬೇರೆ ಬಂದರೆ ಬದಲಾಗಬೇಕಾದ್ದು ವಾಕ್ಯ. 'ದೇವಸ್ಥಾನದೊಳಗೆ ಫೋಟೋ ಬೇಡ' ಎಂದು ಮಾತ್ರ ಬರೆದ ಕಡೆ 'ಹೊರಗೆ ಎಲ್ಲಿ ಬೇಕಾದರೂ ತೆಗೆಯಬಹುದು' ಎಂಬ ಉತ್ತರ ಬರುತ್ತದೆ. ಓದಿದವರ ತಪ್ಪಲ್ಲ ಅದು.

ಅಚ್ಚಿಗೆ ಹೋಗುವಾಗ ಕನ್ನಡಕ್ಕೇ ಬರುವ ಒಂದು ಕಂಟಕವಿದೆ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಬೇರೆ ಫಾಂಟಿನಲ್ಲಿ ತೆರೆದರೆ, ಅಥವಾ ಯುನಿಕೋಡ್ ಕನ್ನಡವನ್ನು ಹಳೆಯ ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತಕ್ಷರಗಳು ಕಳಚಿ ಬೇರೆಯಾಗುತ್ತವೆ. ಕನ್ನಡ ಬಾರದ ವಿನ್ಯಾಸಕಾರರಿಗೆ ಅದು ಕಾಣುವುದಿಲ್ಲ. 'ಗಂಡಸರು' ಸರಿಯಾಗಿಯೇ ಬಂದಿರುತ್ತದೆ, 'ದೇವಸ್ಥಾನ', 'ಮುಚ್ಚುವಂತೆ', 'ಬಿಟ್ಟುಹೋಗಬಹುದು' ಮುರಿದಿರುತ್ತವೆ. ಕರಡು ಬಂದಾಗ ಒತ್ತು ಇರುವ ಪದಗಳನ್ನು ಬೆರಳಿಟ್ಟು ನೋಡಬೇಕು. ದೇವಸ್ಥಾನ ಎಂಬ ಪದವೇ ಮುರಿದು ನಿಂತ ಫಲಕದಲ್ಲಿ ದೇವಸ್ಥಾನಕ್ಕೆ ಮರ್ಯಾದೆ ಕೊಡಿ ಎಂದು ಕೇಳುವುದು ಹೇಗೆ? ಒತ್ತು, ಗುಣಿತಗಳು ಕೆಳಗೂ ಮೇಲೂ ಚಾಚುವುದರಿಂದ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮೂರು ಮೀಟರ್ ದೂರದಿಂದ ಆರಾಮವಾಗಿ ಓದಬೇಕಾದ ಫಲಕದಲ್ಲಿ ಅಕ್ಷರ ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರ ಇರಲಿ. ಅಷ್ಟು ದೊಡ್ಡದಾಗಿ ಮೇಲಿನ ಇಡೀ ಬರಹ ಗೋಡೆಯ ಮೇಲೆ ಹಿಡಿಸುವುದಿಲ್ಲ, ಹಿಡಿಸುವ ಅಗತ್ಯವೂ ಇಲ್ಲ.

ಏಕೆಂದರೆ ಇಡೀ ಬರಹ ಒಂದೇ ಕಡೆ ಇರಬೇಕಾಗಿಲ್ಲ. ತಾರಸಿಯ ಮೂರು ಮಾತು ತಾರಸಿಗೆ ಹತ್ತುವ ಮೆಟ್ಟಿಲ ಬಳಿ ಇರಲಿ. ಬೀದಿಯ ಕೋರಿಕೆ ಹೊರಬಾಗಿಲ ಒಳಮೈಯಲ್ಲಿ, ಹೊರಡುವವರ ಕಣ್ಣಿಗೆ ಬೀಳುವಂತೆ ಇರಲಿ. ಇಡೀ ಬರಹ ಕೋಣೆಯಲ್ಲಿ ಒಂದು ಕಾರ್ಡಿನ ಮೇಲೆ, ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷ್. ಉಡುಪಿನ ಭಾಗ ಮಾತ್ರ ಇದಕ್ಕೂ ಮೊದಲು, ಕೋಣೆ ಕಾಯ್ದಿರಿಸಿದ ದಿನವೇ ಅತಿಥಿಯ ಫೋನಿಗೆ ಹೋಗಬೇಕು. ಬಟ್ಟೆ ತುಂಬಿಕೊಳ್ಳುವುದು ಅವರವರ ಮನೆಯಲ್ಲಿ. ಗೋಕರ್ಣ ತಲುಪಿದ ಮೇಲೆ ಸೀರೆಯೋ ಚೂಡಿದಾರೋ ಬೇಕಿತ್ತೆಂದು ತಿಳಿಸಿದರೆ ಅವರು ಮಾಡುವುದಾದರೂ ಏನು? ನಿಯಮ ಮುರಿಯುವವರಲ್ಲಿ ಹೆಚ್ಚಿನವರು ತಡವಾಗಿ ತಿಳಿದವರು.

ಮೇಜಿನ ಬಳಿಯೂ ಒಂದು ಒಳ್ಳೆಯ ಗಳಿಗೆ ಸಿಗುತ್ತದೆ. ವಿದೇಶಿ ಅತಿಥಿ ಬಂದಾಗ ಅವರ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ನಿಗದಿತ ನಮೂನೆಯಲ್ಲಿ ತುಂಬಿ 24 ಗಂಟೆಯೊಳಗೆ ಸರ್ಕಾರಕ್ಕೆ ಕಳಿಸಬೇಕು. ಅದನ್ನು ತುಂಬುವಷ್ಟು ಹೊತ್ತು ಅವರು ಎದುರಿಗೆ ಸುಮ್ಮನೆ ಕುಳಿತಿರುತ್ತಾರೆ. ಆಗ ಕಾರ್ಡನ್ನು ಕೈಗೆ ಕೊಟ್ಟು ಎರಡು ಮಾತು ಬಾಯಲ್ಲಿ ಹೇಳಬಹುದು. ಯಾತ್ರಿಕರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗಲೂ ಹಾಗೆಯೇ: 'ಅಕ್ಕಾ, ಬೆಳಗ್ಗೆ ದೇವಸ್ಥಾನಕ್ಕೆ ಹೋಗುವವರಾ? ಅಣ್ಣನವರಿಗೆ ಪಂಚೆ ಉಂಟಾ, ಕೊಡಲಾ?' ಹೀಗೆ ಕೇಳಿದಾಗ ನಿಯಮ ಹೇಳಿದಂತೆಯೇ ಅನ್ನಿಸುವುದಿಲ್ಲ. ಹಿಂದೆ ಗೋಕರ್ಣಕ್ಕೆ ಬಂದ ಯಾತ್ರಿಕರು ತಮ್ಮ ತಮ್ಮ ಪುರೋಹಿತರಾದ ಉಪಾಧಿವಂತರ ಮನೆಗಳಲ್ಲೇ ಇಳಿದುಕೊಳ್ಳುತ್ತಿದ್ದಾಗ ಎಲ್ಲಿ ಸ್ನಾನ, ಯಾವಾಗ ದರ್ಶನ, ಏನು ಉಡಬೇಕು ಎಂಬುದನ್ನು ಮನೆಯವರು ಹೀಗೆಯೇ ಬಾಯಿಮಾತಿನಲ್ಲಿ ಹೇಳುತ್ತಿದ್ದರು.

ಹೇಳಿದ ಮೇಲೂ ತಾರಸಿಯಲ್ಲಿ ಒಬ್ಬರು ಕೆರೆಯ ಕಡೆಗೆ ಉದ್ದದ ಲೆನ್ಸ್ ತಿರುಗಿಸಿದರೆ ದೂರದಿಂದ ಕೂಗುವುದು ಬೇಡ. ಹತ್ತಿರ ಹೋಗಿ, ಅಲ್ಲಿ ಏನು ನಡೆಯುತ್ತಿದೆ ಎಂದು ತಗ್ಗಿದ ದನಿಯಲ್ಲಿ ತಿಳಿಸಿ, ಸಮುದ್ರ ಯಾವ ಕಡೆ ಚೆನ್ನಾಗಿ ಕಾಣುತ್ತದೆ ಎಂದು ತೋರಿಸಬಹುದು. ತೆಗೆದ ಚಿತ್ರ ಅಳಿಸುತ್ತೀರಾ ಎಂದು ಕೇಳಬಹುದು, ಫೋನನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಎರಡನೆಯ ಸಲವೂ ಹಾಗೆಯೇ ಮಾಡಿದರೆ ತಾರಸಿಯ ಬಾಗಿಲಿಗೆ ಬೀಗ ಹಾಕುವುದು ಮನೆಯವರ ಕೈಯಲ್ಲಿದೆ.

ಕಾರ್ಡಿನ ಕೆಳಗೆ ಮೂಲೆಯಲ್ಲಿ ಅಚ್ಚಾದ ತಿಂಗಳು, ವರ್ಷ ಇರಲಿ. ಮಹಾಶಿವರಾತ್ರಿಯ ಸಮಯದಲ್ಲಿ ಜಾತ್ರೆಯ ಜನ ತುಂಬಿ ಏರ್ಪಾಡುಗಳು ಬೇರೆಯಾದಾಗ ಆ ವಾರಕ್ಕೆಂದೇ ಎರಡೂ ಭಾಷೆಯಲ್ಲಿ ಒಂದು ಬಿಡಿ ಚೀಟಿ ಸೇರಿಸಬಹುದು. ಮೇಜಿನ ಮೇಲೊಂದು ಪುಸ್ತಕವಿಟ್ಟು, ಅತಿಥಿಗಳು ಕೇಳಿದ ಪ್ರಶ್ನೆಗಳನ್ನು ಕೆಲಸದವರು ಬರೆದಿಡುವುದೂ ಒಳ್ಳೆಯದು. 'ಚೂಡಿದಾರಿಗೆ ದುಪಟ್ಟಾ ಬೇಕೇ ಬೇಕಾ?', 'ಚಿಕ್ಕ ಮಕ್ಕಳಿಗೂ ಪಂಚೆಯಾ?', 'ರಥದ ಫೋಟೋ ತೆಗೆಯಬಹುದಾ?' ಎಂಬಂಥವು ಮತ್ತೆ ಮತ್ತೆ ಬರುತ್ತಿದ್ದರೆ ಉತ್ತರವನ್ನು ದೇವಸ್ಥಾನದಲ್ಲಿ ವಿಚಾರಿಸಿ, ಮುಂದಿನ ಅಚ್ಚಿನಲ್ಲಿ ಕಾರ್ಡಿನ ಎರಡೂ ಮಗ್ಗುಲಿಗೆ ಒಟ್ಟಿಗೇ ಸೇರಿಸಬೇಕು.